ಹೋಂಸ್ಟೇ ಮಾಲೀಕರಿಗೆ ಕಳಿಸಿದ ಮೊದಲ ಮೆಸೇಜ್

ಚಿಕ್ಕಮಗಳೂರಿನಲ್ಲಿ ಕೂತು ವೆಬ್‌ಸೈಟ್ ಡಿಸೈನ್ ಮಾಡುತ್ತೇನೆ. ಶುರುವಿನಲ್ಲಿ ಒಬ್ಬ ಹೋಂಸ್ಟೇ ಮಾಲೀಕರಿಗೆ, ‘ನಿಮ್ಮ ವೆಬ್‌ಸೈಟ್ ತುಂಬಾ ಹಳೇದಾಗಿದೆ, ಹೊಸದು ಮಾಡಿಕೊಡ್ತೀನಿ’ ಎಂದು ವಾಟ್ಸಾಪ್ ಮಾಡಿದ್ದೆ. ಕೆಳಗೆ ರೇಟ್ ಬೇರೆ. ‘ಅದು ನನ್ನ ಮಗ ಮಾಡಿದ್ದು ಕಣ್ರೀ’ ಅಂತ ಉತ್ತರ ಬಂತು. ಆಮೇಲೆ ಬ್ಲಾಕ್.

ಮುಂದಿನದು ಕೈಮರದ ಕಡೆಯ ಒಂದು ಹೋಂಸ್ಟೇ. ಈ ಸಲ ಬರೆಯೋಕೆ ಮುಂಚೆ ಅವರ ಸೈಟನ್ನು ಫೋನಿನಲ್ಲಿ ತೆರೆದೆ. ಅಕ್ಷರ ಇರುವೆಯಷ್ಟು. ವಿಳಾಸದ ಪಕ್ಕ `Not secure` ಎಂಬ ಎಚ್ಚರಿಕೆ. ಫ್ಲ್ಯಾಶ್ ಎಂಬ ಹಳೇ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದ ಫೋಟೋ ಗ್ಯಾಲರಿ ಖಾಲಿ. 2020ರ ಕೊನೆಗೆ ಫ್ಲ್ಯಾಶೇ ನಿಂತುಹೋಯಿತಲ್ಲ. ಇವೆಲ್ಲ ನನ್ನ ಕಣ್ಣಿಗೆ ಚುಚ್ಚುತ್ತವೆ, ತೋಟ ನೋಡಿಕೊಳ್ಳುವವರಿಗೆ ಅಷ್ಟಾಗಿ ಅಲ್ಲ. ಹಾಗಾಗಿ ಬೆಂಗಳೂರಿನಿಂದ ರೂಮ್ ಕೇಳುವವನ ಹಾಗೆ ನೋಡಿದೆ. ಫೋನ್ ನಂಬರ್ ಮೇಲಿನ ಚಿತ್ರದೊಳಗೇ ಇತ್ತು. ಮುಟ್ಟಿದರೆ ಕಾಲ್ ಹೋಗಲ್ಲ. ನೋಡಿಕೊಂಡು ಒತ್ತಿದೆ. 08262ರ ಲ್ಯಾಂಡ್‌ಲೈನ್, ಚಾಲ್ತಿಯಲ್ಲೇ ಇಲ್ಲ! ಮೊಬೈಲ್ ನಂಬರ್ ಗೂಗಲ್ ಮ್ಯಾಪ್‌ನಲ್ಲಿ ಸಿಕ್ಕಿತು.

ಕಳಿಸಿದ್ದು ಇಷ್ಟು:

‘ನಮಸ್ಕಾರ ಸರ್. ನಾನು ಚಿಕ್ಕಮಗಳೂರಿನವನೇ, ವೆಬ್‌ಸೈಟ್ ಡಿಸೈನ್ ಮಾಡ್ತೀನಿ. ನಿಮ್ಮ ಸೈಟಲ್ಲಿರೋ ಲ್ಯಾಂಡ್‌ಲೈನ್‌ಗೆ ಇವತ್ತು ಕಾಲ್ ಮಾಡಿದೆ, ಚಾಲ್ತಿಯಲ್ಲಿಲ್ಲ ಅಂತ ಬಂತು. ಫೋಟೋ ಕಳಿಸಿದ್ದೀನಿ, ಗುರುತು ಹಾಕಿದ್ದೀನಿ ನೋಡಿ. ಸೈಟ್ ನೋಡಿ ಫೋನ್ ಮಾಡೋ ಗೆಸ್ಟ್‌ಗಳಿಗೆ ನೀವು ಸಿಗಲ್ಲ. ಈ ನಂಬರ್ ಬದಲಾಯಿಸೋಕೆ ನಿಮ್ಮ ಕಡೆ ಯಾರಾದ್ರೂ ಇದ್ದಾರಾ ಸರ್?’

‘ಹಳೇದು’ ಅನ್ನಲಿಲ್ಲ. ಮಾಡಿದವರು ಮನೆಯವರೇ ಇರಬಹುದು, ಪೆಟ್ಟು ತಿಂದಿದ್ದೆ. ಗ್ಯಾಲರಿ, ಅಕ್ಷರದ ವಿಷಯವನ್ನೂ ಎತ್ತಲಿಲ್ಲ; ನಾಲ್ಕು ತಪ್ಪು ಒಟ್ಟಿಗೆ ಹೇಳಿದರೆ ದೂರಿನ ಪಟ್ಟಿ ಆಗುತ್ತದೆ. ನನ್ನ ಕೆಲಸದ ಲಿಂಕ್ ಕೂಡ ಹಾಕಲಿಲ್ಲ. ಗುರುತಿಲ್ಲದ ನಂಬರಿನಿಂದ ಲಿಂಕ್ ಬಂದರೆ ಈಗ ಯಾರು ಒತ್ತುತ್ತಾರೆ? ‘ನಾಳೆನೇ ಸರಿಮಾಡಿ ಕೊಡ್ತೀನಿ’ ಎಂದು ಬರೆದಿದ್ದ ಸಾಲನ್ನು ಕೊನೇ ಗಳಿಗೆಯಲ್ಲಿ ಅಳಿಸಿದೆ. ಸೈಟಿನ ಪಾಸ್‌ವರ್ಡ್ ಯಾರ ಹತ್ತಿರ ಇದೆಯೋ ಗೊತ್ತಿಲ್ಲದೆ ಮಾತು ಕೊಡೋದು ಹೇಗೆ?

ದಿನವನ್ನೂ ನೋಡಿಕೊಂಡೆ. ಶುಕ್ರವಾರದಿಂದ ಭಾನುವಾರದವರೆಗೆ ಗೆಸ್ಟ್‌ಗಳ ಗಲಾಟೆ. ಕಾಫಿ ಕೊಯ್ಲಿನ ಕಾಲದಲ್ಲಂತೂ ಬೆಳಗ್ಗೆ ಯಾರೂ ಕೈಗೆ ಸಿಗಲ್ಲ. ಮಂಗಳವಾರ ಊಟ ಆದಮೇಲೆ ಕಳಿಸಿದೆ. ಉತ್ತರ ಬರದಿದ್ದರೆ ವಾರ ಬಿಟ್ಟು ಇನ್ನೊಂದೇ ಸಲ ಕೇಳೋಣ, ಆಮೇಲೆ ಸುಮ್ನೆ ಇರೋಣ ಎಂದುಕೊಂಡಿದ್ದೆ.

ಸಂಜೆಯೇ ಫೋನ್ ಬಂತು. ‘ಆ ಲ್ಯಾಂಡ್‌ಲೈನ್ ತೆಗೆಸಿ ಎಷ್ಟೋ ವರ್ಷ ಆಯ್ತಲ್ರೀ! ಸೈಟ್ ಮಾಡಿದ ಹುಡುಗ ಈಗ ಊರಲ್ಲೇ ಇಲ್ಲ. ನೀವೇ ಮಾಡಿಕೊಡಿ, ಎಷ್ಟಾಗುತ್ತೆ?’

‘ಡೊಮೇನ್ ಯಾರ ಹೆಸರಲ್ಲಿದೆ ಸರ್?’ ಅಂದೆ.

‘ಡೊಮೇನ್ ಅಂದ್ರೇನ್ರೀ?’