ರೌಟರ್ ಪಟ್ಟಿಯಲ್ಲಿ ಸಿಕ್ಕ ಹೆಸರಿಲ್ಲದ ಫೋನ್

ಹೋದ ಬೇಸಿಗೆಯಲ್ಲಿ ಒಂದು ರಾತ್ರಿ ದಾವಣಗೆರೆಯಿಂದ ಅಕ್ಕ ವಾಟ್ಸಾಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದಳು. ಅದರ ಹಿಂದೆಯೇ ಫೋನ್ ಬಂತು. "ನೋಡೋ, ನಮ್ಮ ವೈಫೈಗೆ ಎಂಟು ಸಾಮಾನು ಸೇರ್ಕೊಂಡಿವೆ ಅಂತ ತೋರಿಸ್ತಿದೆ. ನಮ್ಮ ಮನೇಲಿರೋದು ಐದೇ. ಯಾರೋ ಒಳಗೆ ಬಂದಿದಾರೆ ಅಲ್ವಾ?"

ನಾನು ಬೆಂಗಳೂರಲ್ಲಿ ಸಣ್ಣ ಆಫೀಸುಗಳ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಇಂಥ ಸ್ಕ್ರೀನ್‌ಶಾಟ್ ನನಗೆ ಆಗಾಗ ಬರುತ್ತಲೇ ಇರುತ್ತವೆ. ಹೆಚ್ಚಿನವು ಸುಮ್ನೆ ಗಾಬರಿ. ಆದರೆ ಅಕ್ಕನ ಮನೆಯದ್ದು ಹಾಗಿರಲಿಲ್ಲ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಮೊದಲು ಅವಳಿಗೆ ಇನ್ನೊಂದು ಸಲ ಸ್ಕ್ರೀನ್‌ಶಾಟ್ ತೆಗೆಯಲು ಹೇಳಿದೆ. ಮೊದಲನೆಯದರಲ್ಲಿ ಬಲಗಡೆಯ ಕೊನೆ ಕಾಲಂ ಕತ್ತರಿಸಿ ಹೋಗಿತ್ತು. ನನಗೆ ಬೇಕಾಗಿದ್ದದ್ದೇ ಅದು. ತೆಗೆದ ಹೊತ್ತೂ ಕಾಣಬೇಕು ಅಂದೆ. ಎರಡನೆಯದು ರಾತ್ರಿ 9.10ಕ್ಕೆ ಬಂತು. ಅಕ್ಕನ ಫೋನ್, ಭಾವನ ಫೋನ್, ಮಗನ ಫೋನ್, ಲ್ಯಾಪ್‌ಟಾಪ್, ಟಿವಿ, ಈ ಐದರ ಗುರುತು ತಕ್ಷಣ ಸಿಕ್ಕಿತು. ತಲೆ ತಿನ್ನುತ್ತಿದ್ದ ಸಾಲುಗಳು ಇವು. ಇದರಲ್ಲಿ ಮೊದಲ ಸಾಲು ಮಗನ ಫೋನಿನದ್ದೇ.

```
Host Name      MAC Address        IP Address    Lease
Redmi-Note-12  3A:91:C4:08:5D:E2  192.168.1.4   22:48:05
Redmi-Note-12  7E:0C:62:B9:14:A7  192.168.1.6   10:30:41
ESP_3A7F21     5C:CF:7F:3A:7F:21  192.168.1.7   17:22:30
--             D6:4B:1F:A0:73:58  192.168.1.9   02:40:12
```

ಅಕ್ಕನಿಗೆ ಜಾಸ್ತಿ ಹೆದರಿಕೆ ತಂದಿದ್ದು ESP ಅನ್ನುವ ಹೆಸರು. ನನಗೆ ಅದೇ ಎಲ್ಲಕ್ಕಿಂತ ಸಲೀಸಾಗಿ ಕಂಡಿತು. ಮ್ಯಾಕ್ ಅಡ್ರೆಸ್ ಅಂದರೆ ಹನ್ನೆರಡು ಅಂಕಿ-ಅಕ್ಷರಗಳ ಗುರುತು. ಅದರ ಮೊದಲ ಆರು ಸಾಮಾನ್ಯವಾಗಿ ತಯಾರಿಸಿದ ಕಂಪನಿಗೆ ಸೇರಿದ್ದು. ಆ ಪಟ್ಟಿಯನ್ನು ಐಇಇಇ ಸಂಸ್ಥೆ ಇಟ್ಟಿರುತ್ತದೆ, ಯಾರು ಬೇಕಾದರೂ ಹುಡುಕಿ ನೋಡಬಹುದು. 5C:CF:7F ಅಂದರೆ ಎಸ್ಪ್ರೆಸಿಫ್, ಶಾಂಘೈನ ಚಿಪ್ ಕಂಪನಿ. ವೈಫೈ ಬಲ್ಬು, ಪ್ಲಗ್ಗು, ಸ್ವಿಚ್ಚುಗಳ ಒಳಗೆ ಇವರ ಚಿಪ್ ತುಂಬಾ ಇರುತ್ತದೆ. ಹೆಸರಿನ ಕೊನೆಯ 3A7F21 ಕೂಡ ಅಡ್ರೆಸ್ಸಿನ ಕೊನೆಯ ಆರೇ, ನೋಡಿ. ಹೆಸರಿಡದೆ ಬಿಟ್ಟರೆ ಈ ಚಿಪ್ ತನಗೆ ತಾನೇ ಇಂಥ ಹೆಸರು ಇಟ್ಟುಕೊಳ್ಳುತ್ತದೆ.

"ಅಂಥದ್ದೇನೂ ನಮ್ಮನೇಲಿಲ್ಲ" ಅಂದಳು ಅಕ್ಕ. ಭಾವ ಪಕ್ಕದಿಂದ, "ಇದೆ ಕಣೆ, ಸಂಪ್ ಮೋಟರ್‌ಗೆ ಎಲೆಕ್ಟ್ರಿಷಿಯನ್ ಹಾಕಿಕೊಟ್ಟ ಮೊಬೈಲ್ ಸ್ವಿಚ್ಚು" ಅಂದರು. ಊಹೆಗೆ ಬಿಡಬಾರದು ಅಂತ ಲ್ಯಾಪ್‌ಟಾಪ್‌ನಲ್ಲಿ ಇದನ್ನು ಹೊಡೆಸಿದೆ, ಆ ಐಪಿ ನಂಬರಿಗೆ ಇದ್ದೀಯಾ ಅಂತ ಕೇಳುತ್ತಲೇ ಇರುವ ಕಮಾಂಡ್ ಇದು.

```
ping -t 192.168.1.7
```

ಉತ್ತರ ಬರುತ್ತಾ ಇತ್ತು. ಭಾವ ಹೋಗಿ ಆ ಸ್ವಿಚ್ಚಿನ ಕರೆಂಟ್ ತೆಗೆದರು, ಉತ್ತರ ನಿಂತಿತು. ಹಾಕಿದರು, ಅರ್ಧ ನಿಮಿಷದಲ್ಲಿ ಮತ್ತೆ ಶುರುವಾಯಿತು. ಅಲ್ಲಿಗೆ ಒಂದು ಸಾಲು ಮುಗಿಯಿತು. ಇಲ್ಲಿ ಒಂದು ಮಾತು. ಕರೆಂಟ್ ತೆಗೆದ ಮೇಲೆ ಈ ಪಟ್ಟಿಯನ್ನು ರಿಫ್ರೆಶ್ ಮಾಡಿ ನೋಡಿದರೆ ಪ್ರಯೋಜನವಿಲ್ಲ. ಹೆಸರು ಅಲ್ಲೇ ಇರುತ್ತದೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಎರಡು ರೆಡ್ಮಿ ಹೇಗೆ ಬಂತು? ಮಗನ ಹತ್ತಿರ ಇರುವುದು ಒಂದೇ ಫೋನ್. ಅಡ್ರೆಸ್ಸಿನ ಎರಡನೇ ಅಕ್ಷರ ನೋಡಿ. ಒಂದರಲ್ಲಿ A, ಇನ್ನೊಂದರಲ್ಲಿ E. ಎರಡನೇ ಜಾಗದಲ್ಲಿ 2, 6, A, E ಇವುಗಳಲ್ಲಿ ಒಂದಿದ್ದರೆ ಅದು ಕಂಪನಿ ಕೊಟ್ಟ ಅಡ್ರೆಸ್ ಅಲ್ಲ, ಸಾಮಾನ್ಯವಾಗಿ ಫೋನೇ ತಾನಾಗಿ ಸೃಷ್ಟಿ ಮಾಡಿಕೊಂಡಿದ್ದು. 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14 ಬಂದಾಗಿನಿಂದ ಫೋನುಗಳು ಹೀಗೆ ಮಾಡುತ್ತವೆ. ಹೋದಲ್ಲೆಲ್ಲ ಒಂದೇ ಗುರುತು ತೋರಿಸಿದರೆ ಯಾರಾದರೂ ಜಾಡು ಹಿಡಿಯಬಹುದು ಅಂತ ಈ ಏರ್ಪಾಡು. ಒಂದೊಂದು ವೈಫೈ ಹೆಸರಿಗೆ ಒಂದೊಂದು ಅಡ್ರೆಸ್. ಅಕ್ಕನ ರೌಟರ್‌ನಲ್ಲಿ 2.4 ಗಿಗಾಹರ್ಟ್ಸ್‌ಗೆ ಒಂದು ಹೆಸರು, 5 ಗಿಗಾಹರ್ಟ್ಸ್‌ಗೆ ಇನ್ನೊಂದು ಹೆಸರು ಇಟ್ಟಿದ್ದರು. ಬೆಳಿಗ್ಗೆ ಹಿತ್ತಲಲ್ಲಿ ಕೂತಾಗ ಮಗ ಒಂದಕ್ಕೆ ಸೇರಿದ್ದ, ಸಂಜೆ ಹಾಲ್‌ನಲ್ಲಿ ಇನ್ನೊಂದಕ್ಕೆ. ಫೋನ್ ಒಂದೇ, ಸಾಲು ಎರಡು. ಅವನ ಫೋನಿನಲ್ಲಿ ಎರಡೂ ವೈಫೈ ಹೆಸರಿನ ವಿವರದ ಪುಟ ತೆರೆಸಿ, ಅಲ್ಲಿ ಬರೆದಿದ್ದ ಅಡ್ರೆಸ್ಸನ್ನು ಪಟ್ಟಿಯ ಜೊತೆ ಓದಿಸಿದೆ. ಎರಡೂ ಹೊಂದಿದವು. ಇದನ್ನು ಆ ವೈಫೈ ವಿವರದಲ್ಲೇ ನೋಡಬೇಕು. `About phone` ಪುಟದಲ್ಲಿ ಫೋನಿನ ಮೂಲ ಅಡ್ರೆಸ್ ಇದ್ದರೆ ಅದು ಪಟ್ಟಿಗೆ ಹೊಂದುವುದಿಲ್ಲ, ಸುಮ್ನೆ ಇನ್ನಷ್ಟು ಗಾಬರಿಯಾಗುತ್ತದೆ.

ಉಳಿದದ್ದು D6. ಹೆಸರಿಲ್ಲ. ಎರಡನೇ ಅಕ್ಷರ 6, ಅಂದರೆ ಕಂಪನಿ ಹುಡುಕಿ ಉಪಯೋಗವಿಲ್ಲ. ಹೆಚ್ಚುಕಮ್ಮಿ ಯಾವುದೋ ಫೋನ್. ಮನೆಯ ಮೂರೂ ಫೋನುಗಳಲ್ಲಿ ನೋಡಿಸಿದೆ, ಯಾವುದರದ್ದೂ ಅಲ್ಲ.

ಆಗ ಕೊನೆಯ ಕಾಲಂ ಕೆಲಸಕ್ಕೆ ಬಂತು. ನಮ್ಮ ಕಡೆ ಮನೆ ಲೀಸ್‌ಗೆ ಹಾಕುತ್ತಾರಲ್ಲ, ಇದೂ ಹಾಗೇ. ರೌಟರ್ ಪ್ರತಿ ಫೋನಿಗೂ ಒಂದು ಐಪಿ ನಂಬರನ್ನು ಇಷ್ಟು ಹೊತ್ತಿಗೆ ಅಂತ ಕೊಡುತ್ತದೆ. ಅಕ್ಕನ ರೌಟರ್‌ನಲ್ಲಿ ಅದು 24 ಗಂಟೆ ಅಂತ ಸೆಟ್ಟಿಂಗ್‌ನಲ್ಲಿ ಕಂಡಿತು, 86400 ಸೆಕೆಂಡ್ ಅಂತ ಬರೆದಿತ್ತು. ಕಾಲಂನಲ್ಲಿ ಕಾಣುವುದು ಇನ್ನು ಎಷ್ಟು ಉಳಿದಿದೆ ಅನ್ನುವುದು. ಫೋನ್ ಮನೆಯಲ್ಲೇ ಇದ್ದರೆ ಅರ್ಧ ಅವಧಿ ಕಳೆಯುವಾಗಲೇ, ಅಂದರೆ 12 ಗಂಟೆಗೆ, ಲೀಸ್ ನವೀಕರಿಸಿಕೊಂಡು ಮತ್ತೆ 24 ಗಂಟೆ ಪಡೆಯುತ್ತದೆ. ಹಾಗಾಗಿ ಇರುವ ಸಾಮಾನಿನ ಲೀಸ್ 12 ಗಂಟೆಗಿಂತ ಕೆಳಗೆ ಇಳಿಯುವುದು ಅಪರೂಪ. ಇಳಿದಿದೆ ಅಂದರೆ ಅದು ಈಗ ಅಲ್ಲಿಲ್ಲ, ಪಟ್ಟಿಯಲ್ಲಿ ಹೆಸರು ಮಾತ್ರ ಉಳಿದಿದೆ. ಸ್ವಿಚ್ಚಿನ ಕರೆಂಟ್ ತೆಗೆದರೂ ಹೆಸರು ಹೋಗದೆ ಇರುವುದಕ್ಕೂ ಇದೇ ಕಾರಣ. ಬಾಡಿಗೆದಾರ ಊರಿಗೆ ಹೋದರೂ ಲೀಸ್ ಮುಗಿಯುವವರೆಗೆ ಮನೆ ಅವನದ್ದೇ.

D6ಗೆ ಉಳಿದಿದ್ದದ್ದು 2 ಗಂಟೆ 40 ನಿಮಿಷ. ಅಂದರೆ ಲೀಸ್ ಪಡೆದು 21 ಗಂಟೆ 20 ನಿಮಿಷ ಆಗಿತ್ತು. ರಾತ್ರಿ 9.10ರಿಂದ ಹಿಂದಕ್ಕೆ ಎಣಿಸಿದರೆ ಹಿಂದಿನ ರಾತ್ರಿ 11.50. ಅದಾಗಿ 12 ಗಂಟೆಯೊಳಗೆ ಹೊರಟುಹೋಗಿದೆ.

"ಅಕ್ಕ, ನಿನ್ನೆ ರಾತ್ರಿ ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಮನೇಲಿ ಯಾರಿದ್ರು?"

"ನಾವು ಮೂರೇ ಜನ. ಹತ್ತೂವರೆಗೇ ಮಲಗಿದ್ವಿ."

ಹಗಲಿನ ಹೊತ್ತಾಗಿದ್ದರೆ ಬಂದುಹೋದ ನೆಂಟರದ್ದು ಅಂತ ಬಿಟ್ಟುಬಿಡುತ್ತಿದ್ದೆ. ಬಾಗಿಲು ಹಾಕಿ ಮಲಗಿದ ಮೇಲೆ ಸೇರಿದ ಫೋನನ್ನು ಹಾಗೆ ಬಿಡೋಕಾಗುವುದಿಲ್ಲ. ಆದರೂ ಆ ರಾತ್ರಿಯೇ ಪಾಸ್‌ವರ್ಡ್ ಬದಲಿಸಬೇಡ ಅಂದೆ. ಬದಲಿಸಿದರೆ ಅದು ಯಾರದ್ದು ಅಂತ ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಒಂದು ರಾತ್ರಿ ಕಾಯಬಹುದು ಅನ್ನಿಸಿತು. ಆದರೆ ರೌಟರ್ ಪುಟಕ್ಕೆ ಹೋಗುವ ಅಡ್ಮಿನ್ ಪಾಸ್‌ವರ್ಡ್ ಮಾತ್ರ ಆಗಲೇ ಬದಲಿಸಿಸಿದೆ. ಅದು ಇನ್ನೂ ರೌಟರ್ ಬೆನ್ನಿನ ಸ್ಟಿಕ್ಕರ್‌ನಲ್ಲಿ ಇದ್ದದ್ದೇ ಆಗಿತ್ತು. ವೈಫೈಗೆ ಬಂದವನು ಆ ಪುಟಕ್ಕೂ ನುಗ್ಗಿ, ವೆಬ್‌ಸೈಟ್ ಹೆಸರಿಗೆ ಅದರ ಐಪಿ ನಂಬರ್ ಹುಡುಕಿಕೊಡುವ ಡಿಎನ್‌ಎಸ್ ಬದಲಿಸಿದರೆ, ಬ್ಯಾಂಕಿನ ವಿಳಾಸ ಹೊಡೆದಾಗ ಬೇರೆ ಕಡೆ ಕಳಿಸಲು ನೋಡಬಹುದು. ನನಗೆ ನಿಜವಾದ ಭಯ ಇದ್ದದ್ದು ಅಲ್ಲಿ. ಡಿಎನ್‌ಎಸ್ ಜಾಗ ನೋಡಿಸಿದೆ. ಯಾರೂ ಮುಟ್ಟಿರಲಿಲ್ಲ.

ಮಗ ಆ ರಾತ್ರಿ ಎಚ್ಚರವಿದ್ದ. ಈ ಸಲ ನಾನು ಕೇಳಿದ್ದು ಲೀಸ್ ಪಟ್ಟಿಯಲ್ಲ, ವೈರ್‌ಲೆಸ್ ಪುಟದಲ್ಲಿ ಈ ಕ್ಷಣ ಸೇರಿಕೊಂಡಿರುವವರ ಪಟ್ಟಿ. ಅದರಲ್ಲಿ `RSSI` ಅಂತ ಒಂದು ಕಾಲಂ ಇರುತ್ತದೆ, ಸಿಗ್ನಲ್ ಎಷ್ಟು ಗಟ್ಟಿ ಅನ್ನುವುದು. ಮೈನಸ್ ಅಂಕಿ. ಸೊನ್ನೆಗೆ ಹತ್ತಿರ ಬಂದಷ್ಟೂ ಫೋನ್ ಹತ್ತಿರ, ಸೊನ್ನೆಯಿಂದ ದೂರವಾದಷ್ಟೂ ಫೋನ್ ದೂರ, ಇಲ್ಲವೇ ನಡುವೆ ಗೋಡೆ. 12.10ಕ್ಕೆ ಸ್ಕ್ರೀನ್‌ಶಾಟ್ ಬಂತು. ಮನೆಯ ಫೋನುಗಳೆಲ್ಲ -48ರಿಂದ -57ರೊಳಗೆ. D6 ಬಂದಿತ್ತು, 2.4ರಲ್ಲಿ, -79.

ಬೆಳಿಗ್ಗೆ ಮಗನನ್ನು ಫೋನ್ ಹಿಡಿಸಿ ಮನೆಯೆಲ್ಲ ಸುತ್ತಾಡಿಸಿದೆ. ಅವನ ಫೋನನ್ನು 2.4ಕ್ಕೇ ಹಾಕಿಸಿ, ಪ್ರತಿ ಕಡೆ ನಿಂತಾಗ ಅಕ್ಕ ರೌಟರ್ ಪುಟ ರಿಫ್ರೆಶ್ ಮಾಡಿ ಅಂಕಿ ಹೇಳುತ್ತಿದ್ದಳು. ಅಡುಗೆಮನೆಯಲ್ಲಿ -58. ಹಿತ್ತಲಿನ ಕೊನೆಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ -68. ಮನೆಯೊಳಗೆ ಎಲ್ಲೂ -70 ದಾಟಲಿಲ್ಲ. ಮಹಡಿ ಮೆಟ್ಟಿಲು ಹತ್ತಿ, ಮೇಲಿನ ಬಾಡಿಗೆ ಮನೆಯ ಬಾಗಿಲ ಮುಂದೆ ನಿಂತಾಗ -77. ಬೇರೆ ಬೇರೆ ಫೋನುಗಳ ನಡುವೆ ಐದಾರು ಅಂಕಿ ಹೆಚ್ಚುಕಮ್ಮಿ ಆಗುವುದು ಮಾಮೂಲು, ಅದಕ್ಕೇ ಇದೊಂದನ್ನೇ ಸಾಕ್ಷಿ ಅಂತ ಹಿಡಿದು ಯಾರ ಮನೆ ಬಾಗಿಲು ತಟ್ಟಬಾರದು. ಆದರೆ ಮಗ ಮೆಟ್ಟಿಲ ಮೇಲೆ ನಿಂತವನು ಮಾತಾಡುವುದನ್ನೇ ನಿಲ್ಲಿಸಿದ. ಆಮೇಲೆ ಹೇಳಿದ. ಎರಡು ತಿಂಗಳ ಹಿಂದೆ ಮೇಲಿನ ಮನೆ ಹುಡುಗನಿಗೆ ಪರೀಕ್ಷೆ ಅರ್ಜಿ ಹಾಕಲು ನೆಟ್ ಇರಲಿಲ್ಲವಂತೆ. ಇವನು ಫೋನಿನಲ್ಲಿ ವೈಫೈ ಕ್ಯೂಆರ್ ತೋರಿಸಿದ್ದ. ಆ ಕ್ಯೂಆರ್‌ನಲ್ಲಿ ಪಾಸ್‌ವರ್ಡ್ ಹಾಗೇ ಬರೆದಿರುತ್ತದೆ. ಒಂದು ಸಲ ಸ್ಕ್ಯಾನ್ ಮಾಡಿದ ಫೋನ್ ಅದನ್ನು ಇಟ್ಟುಕೊಳ್ಳುತ್ತದೆ, ಇನ್ನೊಬ್ಬರಿಗೂ ತೋರಿಸಬಹುದು.

"ಆ ಒಂದು ಫೋನನ್ನು ಬ್ಲಾಕ್ ಮಾಡಿದ್ರೆ ಸಾಕಲ್ವಾ?" ಅಂದರು ಭಾವ. ರೌಟರ್‌ನಲ್ಲಿ ಆ ಗುಂಡಿ ಇದೆ ನಿಜ. ಆದರೆ ಬ್ಲಾಕ್ ಆಗುವುದು D6 ಅನ್ನುವ ಅಡ್ರೆಸ್, ಫೋನಲ್ಲ. ಫೋನ್ ಬೇರೆ ಅಡ್ರೆಸ್ ಹಾಕಿಕೊಂಡು ಬಂದರೆ ರೌಟರ್‌ಗೆ ಅದು ಹೊಸಬ. ಹಾಗಾಗಿ ವೈಫೈ ಪಾಸ್‌ವರ್ಡನ್ನೇ ಬದಲಿಸಿದೆವು, ಗುಂಡಿ ಒತ್ತಿ ಸೇರುವ `WPS` ಆಫ್ ಮಾಡಿದೆವು. ಮೋಟರ್ ಸ್ವಿಚ್ಚಿಗೆ ಹೊಸ ಪಾಸ್‌ವರ್ಡ್ ಹಾಕುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಅದನ್ನು ರಿಸೆಟ್ ಮಾಡಿ ಆ್ಯಪ್‌ನಲ್ಲಿ ಮತ್ತೆ ಸೇರಿಸಬೇಕಾಯಿತು. ಸಂಪ್ ಬರಿದಾದ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ.

ಎರಡು ದಿನ ಬಿಟ್ಟು ಮೇಲಿನ ಮನೆ ಹುಡುಗ ತಾನೇ ಇಳಿದು ಬಂದ. "ಆಂಟಿ, ವೈಫೈ ಬರ್ತಿಲ್ಲ" ಅಂದನಂತೆ. ರಾತ್ರಿ ಓದುವಾಗ ಪಾಠದ ವಿಡಿಯೊ ನೋಡುತ್ತಿದ್ದೆ ಅಂತ ಹೇಳಿ ತಲೆ ತಗ್ಗಿಸಿದನಂತೆ. ಅಕ್ಕ ಬೈಯಲಿಲ್ಲ. ನನಗೆ ಫೋನ್ ಮಾಡಿ, "ಅವನಿಗೆ ಬೇರೆ ಕೊಡೋಕಾಗುತ್ತಾ?" ಅಂತ ಕೇಳಿದಳು. ಗೆಸ್ಟ್ ವೈಫೈ ಹಾಕಿಸಿಕೊಟ್ಟೆ. ಅದಕ್ಕೆ ಹೆಸರು ಬೇರೆ, ಪಾಸ್‌ವರ್ಡ್ ಬೇರೆ, ಅಲ್ಲಿಂದ ಮನೆಯ ಲ್ಯಾಪ್‌ಟಾಪ್, ಟಿವಿ ಯಾವುದೂ ಕಾಣುವುದಿಲ್ಲ.

ಮರುದಿನ ಬೆಳಿಗ್ಗೆ ಮತ್ತೊಂದು ಸ್ಕ್ರೀನ್‌ಶಾಟ್ ಬಂತು. D6 ಇರಲಿಲ್ಲ. ಅದರ ಬದಲು ಹೆಸರಿಲ್ಲದ ಹೊಸ ಸಾಲು, BE ಅಂತ ಶುರುವಾಗುವ ಅಡ್ರೆಸ್. ನಾನು ಏನೂ ಹೇಳುವ ಮೊದಲೇ ಕೆಳಗೆ ಅಕ್ಕನ ಮೆಸೇಜ್ ಇತ್ತು. "ಎರಡನೇ ಅಕ್ಷರ E. ವೈಫೈ ಹೆಸರು ಹೊಸದು, ಅದಕ್ಕೆ ಅಡ್ರೆಸ್ಸೂ ಹೊಸದು. ಲೀಸ್ 23 ಗಂಟೆ ಇದೆ, ಈಗ ತಾನೇ ಸೇರಿದಾನೆ. ಮೇಲಿನ ಮನೆ ಹುಡುಗನದ್ದೇ ತಾನೆ?"