ಲಂಗದ ಸೊಂಟದಲ್ಲಿ ಎಲಾಸ್ಟಿಕ್ ಹೊರಳುವುದು ನಿಂತಿತು

ಬದಿಯಡ್ಕದ ಪೇಟೆಯಿಂದ ಅಕ್ಕನ ಮಗಳಿಗೆ ತಂದ ಲಂಗದಲ್ಲಿ ಎಲಾಸ್ಟಿಕ್ ಒಗೆದಾಗಲೆಲ್ಲ ಹೊರಳಿ ಹಗ್ಗವಾಗುತ್ತಿತ್ತು. ಬಿಚ್ಚಿ ನೋಡಿದರೆ 2.5 ಸೆಂ.ಮೀ. ಎಲಾಸ್ಟಿಕ್ಕಿಗೆ 4 ಸೆಂ.ಮೀ. ಅಗಲದ ಮಡಿಕೆ. ಅಷ್ಟು ಜಾಗ ಸಿಕ್ಕರೆ ಹೊರಳದೆ ಇರುತ್ತದೆಯೇ? ಹೊಸದನ್ನೇ ಹೊಲಿದೆ.

ಅವಳ ಸೊಂಟ 52, ಲಂಗದ ಉದ್ದ 30 ಸೆಂ.ಮೀ. ಹತ್ತಿ ಬಟ್ಟೆಯನ್ನು ಮೊದಲು ಒಗೆದು ಒಣಗಿಸಿ, 110 ಅಗಲ, 37 ಉದ್ದಕ್ಕೆ ಕತ್ತರಿಸಿ. ಮೇಲಿನ ಮಡಿಕೆಗೆ 4, ಕೆಳಅಂಚಿಗೆ 3 ಇದರಲ್ಲೇ ಸೇರಿದೆ. ಎಲಾಸ್ಟಿಕ್ 50: ಸೊಂಟಕ್ಕಿಂತ 4 ಕಡಿಮೆ, ಜೋಡಣೆಗೆ 2 ಹೆಚ್ಚು.

1. ಎರಡು ಬದಿ ಸೇರಿಸಿ, 1.5 ಸೆಂ.ಮೀ. ಒಳಗೆ ಹೊಲಿದು ಕೊಳವೆಯಂತೆ ಮಾಡಿ. ಇದು ಹಿಂಬದಿ.
2. ಮೇಲಂಚನ್ನು 1, ಮತ್ತೆ 3 ಸೆಂ.ಮೀ. ಮಡಚಿ, ಮಡಿಕೆಯ ಕೆಳತುದಿಗೆ ಒತ್ತಿ ಹೊಲಿಯಿರಿ. ಹಿಂದೆ 5 ಸೆಂ.ಮೀ. ಬಿಡಿ.
3. ಸೇಫ್ಟಿ ಪಿನ್ ಸಿಕ್ಕಿಸಿ ಎಲಾಸ್ಟಿಕ್ ತೂರಿಸಿ. ತಿರುಚಿಲ್ಲವೆಂದು ಬೆರಳಲ್ಲಿ ಸುತ್ತಲೂ ಸವರಿ ನೋಡಿ; ತುದಿಗಳನ್ನು 2 ಸೆಂ.ಮೀ. ಒಂದರ ಮೇಲೊಂದಿಟ್ಟು ಚೌಕಾಕಾರ ಹೊಲಿಯಿರಿ.
4. ಎಲಾಸ್ಟಿಕ್ಕನ್ನು ಎಳೆದು ಹಿಡಿದು, ಬಿಟ್ಟ ಬಾಯಿ ಮುಚ್ಚಿ.
5. ನೆರಿಗೆ ಸಮವಾಗಿ ಹರಡಿ. ಹಿಂದೆ, ಮುಂದೆ, ಎರಡು ಪಕ್ಕಗಳಲ್ಲಿ ಎಲಾಸ್ಟಿಕ್ ಸೇರಿಸಿ ಮೇಲಿನಿಂದ ಕೆಳಕ್ಕೆ ಹೊಲಿಗೆ ಹಾಕಿ. ಹೊರಳುವುದನ್ನು ತಡೆಯುವುದು ಇದೇ.
6. ಕೆಳಅಂಚು 1, ಮತ್ತೆ 2 ಮಡಚಿ ಹೊಲಿಯಿರಿ.

ಐದನೆಯದಕ್ಕೆ ಮೊದಲು ಮಗುವಿಗೆ ತೊಡಿಸಿ ನೋಡಿ. ಆಮೇಲೆ ಎಲಾಸ್ಟಿಕ್ ಬಿಗಿ ಬದಲಿಸಬೇಕಾದರೆ ನಾಲ್ಕೂ ಹೊಲಿಗೆ ಬಿಚ್ಚಬೇಕು.