ಹಿರಿಯ ಅತಿಥಿಯ ಜತೆ ಮಾತುಕತೆ: ನಾನು ಸ್ಕ್ರಿಪ್ಟ್ ಬರೆದುಕೊಂಡ ರೀತಿ

ಎಂಜಿನಿಯರ್ಸ್ ಡೇಗೆ ನಮ್ಮ ಆಫೀಸಿನಲ್ಲಿ ಒಂದು ಫೈರ್‌ಸೈಡ್ ಚಾಟ್ ಇತ್ತು. ನಡೆಸಿಕೊಡುವ ಕೆಲಸ ನನ್ನದು. ಅತಿಥಿ ವಿದ್ಯುತ್ ಗ್ರಿಡ್‌ನಲ್ಲಿ ದುಡಿದು ನಿವೃತ್ತರಾದ ಹಿರಿಯ ಎಂಜಿನಿಯರ್. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಲೈನ್ ಮೂಲಕ ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ ಜತೆ ಸೇರಿತಲ್ಲ, ಆಗ ಕಂಟ್ರೋಲ್ ರೂಮಿನಲ್ಲಿ ಇದ್ದವರು. ಸಿಕ್ಕಿದ್ದು 45 ನಿಮಿಷ.

ವಾರ ಮುಂಚೆ ಅವರಿಗೆ ಫೋನ್ ಮಾಡಿದೆ. ಯಾವ ವಿಷಯ ಬೇಡ, ಯಾವ ಕಿವಿ ಚೆನ್ನಾಗಿ ಕೇಳಿಸುತ್ತದೆ, ಎಷ್ಟು ಹೊತ್ತು ಕೂರಬಹುದು ಎಂದು ಕೇಳಿಕೊಂಡೆ. ಬಲಗಿವಿ ಅಂದರು, ನನ್ನ ಕುರ್ಚಿಯನ್ನು ಅವರ ಬಲಕ್ಕೆ ಹಾಕಿಸಿದೆ. ಅವರು ಫೋನಿನಲ್ಲೇ ಆ ದಿನದ ಕಥೆ ಶುರುಮಾಡಿದಾಗ, 'ಸರ್, ಇದನ್ನ ವೇದಿಕೆಗೇ ಇಟ್ಟುಕೊಳ್ಳಿ' ಎಂದು ತಡೆದೆ. ಒಮ್ಮೆ ಪೂರ್ತಿ ಹೇಳಿದ್ದನ್ನು ಎರಡನೇ ಸಲ ಹೇಳುವಾಗ ಜನ ಚಿಕ್ಕದು ಮಾಡಿಬಿಡುತ್ತಾರೆ. ವಿಷಯಗಳನ್ನಷ್ಟೇ ಮೊದಲೇ ಕಳಿಸಿದೆ, ಪ್ರಶ್ನೆಗಳನ್ನಲ್ಲ. ಕೊನೆಯ ಪ್ರಶ್ನೆಯನ್ನು ಮಾತ್ರ ಇದ್ದ ಹಾಗೇ ಕಳಿಸಿದೆ. ಯಾಕೆಂದು ಆಮೇಲೆ ಹೇಳುತ್ತೇನೆ.

ಆರಂಭಕ್ಕೆ ಬರೆದುಕೊಂಡಿದ್ದು ಇಷ್ಟೇ: 'ಎಲ್ಲರಿಗೂ ನಮಸ್ಕಾರ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಗ್ರಿಡ್ ಕುಸಿದಾಗ ನಮ್ಮ ಮನೆಗಳಲ್ಲಿ ದೀಪ ಉರೀತಾ ಇತ್ತು. ದಕ್ಷಿಣದ ಗ್ರಿಡ್ ಆಗ ಬೇರೆಯಾಗಿತ್ತು. ಮುಂದಿನ ವರ್ಷ ಅದನ್ನ ಜೋಡಿಸಿದವರಲ್ಲಿ ಒಬ್ಬರು ಇವತ್ತು ನಮ್ಮ ಜತೆ ಇದ್ದಾರೆ. ಸರ್, ಸ್ವಾಗತ.' ಪದವಿ, ಹುದ್ದೆ, ಪ್ರಶಸ್ತಿ ಎಲ್ಲ ಆಹ್ವಾನ ಪತ್ರದಲ್ಲೇ ಇತ್ತು. ಅದನ್ನು ಓದುತ್ತಾ ನಿಂತರೆ ಅತಿಥಿಯೇ ಮುಜುಗರದಿಂದ ನೆಲ ನೋಡುತ್ತಾರೆ, ಅಲ್ವಾ?

ಮೊದಲ ಪ್ರಶ್ನೆ ಕಣ್ಣಿಗೆ ಕಾಣುವಂಥದ್ದಾಗಿರಬೇಕು. 'ನಿಮ್ಮ ಪಯಣದ ಬಗ್ಗೆ ಹೇಳಿ' ಅಂದರೆ ಹುಟ್ಟಿದ ಊರಿಂದ ಶುರುವಾಗಿ ಕಾಲು ಗಂಟೆ ಹೋಗುತ್ತದೆ. ನಾನು ಕೇಳಿದ್ದು: 'ಸರ್, ಆ ದಿನ ಲೈನ್ ಜೋಡಿಸೋ ಮುಂಚೆ ನಿಮ್ಮ ಕಣ್ಣು ಯಾವ ಅಂಕಿ ಮೇಲಿತ್ತು?' ಅವರು ಫ್ರೀಕ್ವೆನ್ಸಿ ಎಂದರು. ಎರಡೂ ಕಡೆಯ ಫ್ರೀಕ್ವೆನ್ಸಿ, ವೋಲ್ಟೇಜ್, ಫೇಸ್ ಹೊಂದಿಕೆಯಾಗದೆ ಲೈನ್ ಜೋಡಿಸುವ ಸ್ವಿಚ್, ಅಂದರೆ ಬ್ರೇಕರ್ ಹಾಕುವಂತಿಲ್ಲ ಎಂದು ವಿವರಿಸಿದರು. ಮಾತು ನೇರವಾಗಿ ಆ ಕೋಣೆಯೊಳಗೇ ಶುರುವಾಯಿತು.

ಸ್ಕ್ರಿಪ್ಟ್‌ನ ಜೀವ ಇರುವುದು ಮರುಪ್ರಶ್ನೆಗಳಲ್ಲಿ. ಪ್ರತಿ ಪ್ರಶ್ನೆಗೆ ಒಂದು ಕಾರ್ಡ್. ಮೇಲೆ ಪ್ರಶ್ನೆ, ಕೆಳಗೆ ಎರಡು ದಾರಿ. ಉತ್ತರ ಚುಟುಕಾದರೆ: 'ಆಗ ಪಕ್ಕದಲ್ಲಿ ಯಾರಿದ್ದರು? ಅವರು ಏನಂದರು?' ಉತ್ತರ ತೀರಾ ಸಾಮಾನ್ಯವಾದರೆ: 'ಹಾಗೆ ಆದ ಒಂದು ದಿನ ನೆನಪಿದೆಯಾ ಸರ್?' ನಮ್ಮ ಅತಿಥಿ ಒಮ್ಮೆ 'ಟೀಮ್‌ವರ್ಕ್ ಮುಖ್ಯ' ಎಂದು ನಿಲ್ಲಿಸಿದರು. ಎರಡನೇ ದಾರಿ ಹಿಡಿದೆ. ಅವರು ಸುಮ್ಮನಾದರು, ನಾನೂ ಸುಮ್ಮನಿದ್ದೆ. ಇಂಥ ಕಡೆ ಕಾರ್ಡಿನಲ್ಲಿ 'ಕಾಯಿ' ಎಂದೇ ಬರೆದಿರುತ್ತೇನೆ. ಆ ಮೌನ ನಮಗೆ ಉದ್ದ ಅನಿಸುತ್ತದೆ, ಆದರೆ ಹಿರಿಯರು ಆಗ ನೆನಪು ಹುಡುಕುತ್ತಿರುತ್ತಾರೆ. ನಡುವೆ ಇನ್ನೊಂದು ಪ್ರಶ್ನೆ ಹಾಕಿದರೆ ಅವರು ಎರಡನೆಯದಕ್ಕೆ ಉತ್ತರಿಸುತ್ತಾರೆ, ಮೊದಲನೆಯದು ಹೋಗಿಬಿಡುತ್ತದೆ. ಕಾದಿದ್ದಕ್ಕೆ ಅವರ ಶಿಫ್ಟ್‌ನ ಒಬ್ಬ ಕಿರಿಯ ಆಪರೇಟರ್ ಕಥೆ ಬಂತು. ಇಡೀ ಸಂಜೆ ಜನ ಅತಿ ಹೆಚ್ಚು ಗಮನ ಕೊಟ್ಟು ಕೇಳಿದ್ದು ಅದನ್ನೇ.

ಮಾತು ಉದ್ದವಾದರೆ? ಹಿರಿಯರನ್ನು 'ಸಮಯ ಆಯ್ತು' ಎಂದು ತಡೆಯುವುದು ನನಗೆ ಸರಿಕಾಣುವುದಿಲ್ಲ. ಅವರು ಉಸಿರು ತೆಗೆದುಕೊಳ್ಳುವಾಗ, ಅವರದೇ ಒಂದು ಪದ ಎತ್ತಿಕೊಂಡು ತಿರುಗಿಸುತ್ತೇನೆ: 'ಸರ್, ಈಗ ರಾಯಚೂರು ಅಂದ್ರಲ್ಲ, ಅಲ್ಲಿಗೇ ಬರೋಣ. ಲೈನ್ ಸೇರಿದ ಮೇಲೆ ಮೊದಲು ಯಾವ ತೊಂದರೆ ಎದುರಾಯ್ತು?' ತಮ್ಮ ಮಾತನ್ನು ಕೇಳಿಸಿಕೊಂಡಿದ್ದಾರೆ ಎಂಬ ಸಮಾಧಾನ ಅವರಿಗೂ ಇರುತ್ತದೆ. ಇದಕ್ಕೆ ಕಾರ್ಡ್ ನೋಡುತ್ತಾ ಕೂತರೆ ಆಗದು, ಕಿವಿ ಅವರ ಮಾತಿನ ಮೇಲೇ ಇರಬೇಕು.

ಸಭಿಕರ ಪ್ರಶ್ನೆಗೆ 10 ನಿಮಿಷ. ಮೊದಲ ಪ್ರಶ್ನೆ ಕೇಳಲು ಒಬ್ಬ ಸಹೋದ್ಯೋಗಿಗೆ ಮೊದಲೇ ಹೇಳಿಟ್ಟಿದ್ದೆ. ಪ್ರತಿ ಪ್ರಶ್ನೆಯನ್ನೂ ನಾನೇ ಮೈಕಿನಲ್ಲಿ ಚಿಕ್ಕದಾಗಿ ಮತ್ತೆ ಹೇಳಿದೆ. ಅತಿಥಿಗೆ ಸರಿಯಾಗಿ ಕೇಳಿಸುತ್ತದೆ, ಭಾಷಣದಂಥ ಪ್ರಶ್ನೆ ಒಂದೇ ಸಾಲಿಗೆ ಇಳಿಯುತ್ತದೆ.

ಮುಕ್ತಾಯವನ್ನು ಸಭಿಕರ ಪ್ರಶ್ನೆಯ ಮೇಲೆ ಬಿಡಬಾರದು. ಕೊನೆಯದು ಏನು ಬರುತ್ತದೋ ಗೊತ್ತಿರುವುದಿಲ್ಲ. ಅದಕ್ಕೇ ಐದು ನಿಮಿಷ ಉಳಿಸಿಕೊಂಡು, ಮೊದಲೇ ಕಳಿಸಿದ್ದ ಪ್ರಶ್ನೆ ಕೇಳಿದೆ: 'ಸರ್, ಇವತ್ತು ಕಂಟ್ರೋಲ್ ರೂಮಿಗೆ ಹೊಸದಾಗಿ ಸೇರೋ ಹುಡುಗಿ ಮೊದಲ ವಾರ ಏನು ಕಲೀಬೇಕು?' ಯೋಚಿಸಿಕೊಂಡೇ ಬಂದಿದ್ದರು. ಉತ್ತರ ಸ್ಪಷ್ಟವಾಗಿತ್ತು, ಎಲ್ಲಿ ನಿಲ್ಲಿಸಬೇಕೆಂದೂ ಅವರಿಗೆ ತಿಳಿದಿತ್ತು. ಆಮೇಲೆ ನಾನು ಸಾರಾಂಶ ಹೇಳಲಿಲ್ಲ. ನಡುವೆ ಗುರುತು ಹಾಕಿಕೊಂಡಿದ್ದ ಅವರದೇ ಒಂದು ವಾಕ್ಯ ಓದಿ, 'ಇದನ್ನ ನಮಗೆ ಕೊಟ್ಟಿದ್ದಕ್ಕೆ ಧನ್ಯವಾದ ಸರ್' ಎಂದೆ. ಶಾಲು, ಹಾರ ತರುವವರು ಯಾರು, ಹೊದಿಸುವವರು ಯಾರು ಎಂದು ಕೊನೆಯ ಕಾರ್ಡಿನಲ್ಲಿತ್ತು. ಅವರು ಎದ್ದು ನಿಲ್ಲುವ ಮುಂಚೆ ಕಾಲರ್ ಮೈಕ್ ಬಿಚ್ಚಬೇಕು ಎಂಬುದೂ ಅಲ್ಲೇ ಇತ್ತು. ಇಲ್ಲದಿದ್ದರೆ ಶಾಲಿಗೆ ವೈರ್ ಸಿಕ್ಕಿಕೊಳ್ಳುತ್ತದೆ.